ಬೆಟ್ಟ ಹತ್ತಿದ 48 ನಿಮಿಷ ಎಲ್ಲಿ ಹೋಯಿತು?

"ಮೇಡಂ, ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬಂದ ಅನುಭವ ಬರೆದಿದ್ದೇನೆ, ಜೊತೆಗೆ ಸ್ವಲ್ಪ ಗಣಿತವೂ ಇದೆ. ಬುಡದಿಂದ ತುದಿಗೆ ಸುಮಾರು 8 ಕಿ.ಮೀ. ಹತ್ತುವಾಗ ವೇಗ ಗಂಟೆಗೆ 10 ಕಿ.ಮೀ., ಇಳಿಯುವಾಗ 40. ಸರಾಸರಿ 25 ಅಲ್ಲ, 16 ಅಂತ ಸೂತ್ರದ ಸಮೇತ ತೋರಿಸಿದ್ದೇನೆ. ಪ್ರಕಟಿಸಲು ಆಗುತ್ತಾ? ಮುಚ್ಚುಮರೆ ಮಾಡದೆ ಹೇಳಿ."

ನಮಸ್ಕಾರ. ನಿಮ್ಮ ಭಾಷೆ ಸರಾಗವಾಗಿದೆ, ಲೆಕ್ಕದ ಉತ್ತರವೂ ಸರಿ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಾಲ್ಕನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

"ಎಲ್ಲರೂ 25 ಅನ್ನುತ್ತಾರೆ, ಅದು ತಪ್ಪು" ಅಂತ ಶುರು ಮಾಡಿದ್ದೀರಿ. ಯಾಕೆ ತಪ್ಪು ಅಂತ ಕಾಯುತ್ತಾ ಕೂತೆ. ಮುಂದಿನ ಸಾಲು: "ಏಕೆಂದರೆ ಎರಡು ವೇಗಗಳು a, b ಆದರೆ ಸರಿಯಾದ ಸೂತ್ರ 2ab/(a+b)." ಇದು ಕಾರಣ ಅಲ್ಲ, ಅಪ್ಪಣೆ. ಓದುಗ ಒಪ್ಪಿಕೊಳ್ಳುತ್ತಾನೆ, ಆದರೆ ಅವನಿಗೆ ಏನೂ ತಿಳಿದಿರುವುದಿಲ್ಲ.

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಒಬ್ಬ ಹಿರಿಯ ಉಪಸಂಪಾದಕರಿದ್ದರು. ವರದಿಯಲ್ಲಿ "ವೇಗ" ಅಂತ ಎಲ್ಲಿ ಕಂಡರೂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಎಷ್ಟು ಹೊತ್ತು?" ಅಂತ ಗೀಚುತ್ತಿದ್ದರು. ಪ್ರೂಫಿನ ಅಂಚಿನಲ್ಲೇ ಒಂದು ಕಡೆ ಕಿಲೋಮೀಟರು, ಇನ್ನೊಂದು ಕಡೆ ನಿಮಿಷ ಬರೆಸುತ್ತಿದ್ದರು. ಆಗ ನನಗೆ ಅವರ ಮೇಲೆ ಕೋಪ ಬರುತ್ತಿತ್ತು. ಈಗ ಅದೇ ಕೆಲಸ ನಿಮಗೆ ಹೇಳುತ್ತಿದ್ದೇನೆ.

ಬರೆದು ನೋಡಿ. ಹತ್ತುವಾಗ 8 ಕಿ.ಮೀ.ಗೆ 48 ನಿಮಿಷ. ಇಳಿಯುವಾಗ ಅದೇ 8 ಕಿ.ಮೀ.ಗೆ 12 ನಿಮಿಷ. ಒಟ್ಟು 16 ಕಿ.ಮೀ., ಸರಿಯಾಗಿ ಒಂದು ಗಂಟೆ. ಸರಾಸರಿ 16. ಮುಗೀತು, ಸೂತ್ರ ಬೇಕಾಗಲೇ ಇಲ್ಲ. ದೂರ ಎರಡೂ ಕಡೆ ಒಂದೇ ಇರಬಹುದು. ಆದರೆ ನೀವು ಸೈಕಲ್ ಮೇಲೆ ಕಳೆದ ಹೊತ್ತಿನಲ್ಲಿ ಐದರಲ್ಲಿ ನಾಲ್ಕು ಪಾಲು 10ರ ವೇಗದ್ದು, ಒಂದೇ ಪಾಲು 40ರದ್ದು. ಹಾಗಾಗಿ ಸರಾಸರಿ 10ರ ಕಡೆಗೇ ವಾಲುತ್ತದೆ.

ಹಾಗಂತ 25ಕ್ಕೆ ಅರ್ಥವೇ ಇಲ್ಲ ಅಂತ ಅಲ್ಲ. ಒಂದು ಗಂಟೆ 10ರಲ್ಲಿ, ಇನ್ನೊಂದು ಗಂಟೆ 40ರಲ್ಲಿ ಹೋಗಿದ್ದರೆ ಎರಡು ಗಂಟೆಗೆ 50 ಕಿ.ಮೀ. ಆಗುತ್ತಿತ್ತು, ಸರಾಸರಿ 25 ಸರಿಯಾಗೇ ಇರುತ್ತಿತ್ತು. ಹೊತ್ತು ಸಮ ಇದ್ದಾಗ ಕೂಡಿ ಎರಡರಿಂದ ಭಾಗಿಸಿ. ದೂರ ಸಮ ಇದ್ದಾಗ ನಿಮಿಷ ಲೆಕ್ಕ ಹಾಕಿ. ನಿಮ್ಮ ಸೂತ್ರವೂ ದೂರ ಸಮ ಇದ್ದಾಗ ಮಾತ್ರ ನಡೆಯುತ್ತದೆ. ಬರುವಾಗ ಬೇರೆ ದಾರಿ ಹಿಡಿದು ದೂರ ಹೆಚ್ಚು ಕಮ್ಮಿ ಆದರೆ ಅದು ಸುಳ್ಳು ಉತ್ತರ ಕೊಡುತ್ತದೆ. ಇದನ್ನು ನೀವು ಎಲ್ಲೂ ಹೇಳಿಲ್ಲ.

ಇನ್ನು ಕೊನೆಯ ಸಾಲು. "ಇಳಿಯುವಾಗ ಇನ್ನೂ ಜೋರಾಗಿ ಬಿಟ್ಟಿದ್ದರೆ ಸರಾಸರಿ 20 ದಾಟುತ್ತಿತ್ತು." ದಾಟುತ್ತಿರಲಿಲ್ಲ! 16 ಕಿ.ಮೀ.ಯನ್ನು 20ರ ಸರಾಸರಿಯಲ್ಲಿ ಮುಗಿಸಲು ಇರುವುದೇ 48 ನಿಮಿಷ. ಅಷ್ಟೂ ಹತ್ತುವುದಕ್ಕೇ ಖರ್ಚಾಯಿತಲ್ಲ? ಇಳಿಯಲು ಒಂದು ಸೆಕೆಂಡೂ ಉಳಿದಿಲ್ಲ. ಹೋಗುವ ವೇಗದ ಎರಡರಷ್ಟು ಸರಾಸರಿ ಯಾವ ರಾಕೆಟ್ಟಿಗೂ ಸಿಗುವುದಿಲ್ಲ. ಆ ತಿರುವುಗಳಲ್ಲಿ 80ರಲ್ಲಿ ಇಳಿದಿರಿ ಅಂತಲೇ ಇಟ್ಟುಕೊಳ್ಳಿ (ದಯವಿಟ್ಟು ಬೇಡ). ಉಳಿಯುವುದು 6 ನಿಮಿಷ. ಸರಾಸರಿ 18ಕ್ಕೂ ಮುಟ್ಟುವುದಿಲ್ಲ. ಅದೇ ಹತ್ತುವಾಗ 10ರ ಬದಲು 12ರಲ್ಲಿ ತುಳಿದು, 40ರಲ್ಲೇ ಇಳಿದರೆ? 40 ನಿಮಿಷ, ಮೇಲೆ 12 ನಿಮಿಷ, ಒಟ್ಟು 52. ಸರಾಸರಿ 18.5ರ ಹತ್ತಿರ ಬರುತ್ತದೆ. ನಿಧಾನದ ಕಡೆ ವೇಗಕ್ಕೆ ಗಂಟೆಗೆ ಎರಡು ಕಿಲೋಮೀಟರು ಕೂಡಿಸಿದ್ದು, ಜೋರಿನ ಕಡೆ ವೇಗ ದುಪ್ಪಟ್ಟು ಮಾಡಿದ್ದಕ್ಕಿಂತ ಜಾಸ್ತಿ ಕೊಟ್ಟಿತು. ನಿಮ್ಮ ಲೇಖನದಲ್ಲಿ ಇರಬೇಕಾದ ಮಾತು ಇದೇ, ಅದೊಂದೇ ಇಲ್ಲ.

ಮೇಲೆ ಅರ್ಧ ಗಂಟೆ ಕೂತು ಚಹಾ ಕುಡಿದದ್ದನ್ನು ಚೆಂದ ಬರೆದಿದ್ದೀರಿ, ಲೆಕ್ಕದಲ್ಲಿ ಬಿಟ್ಟಿದ್ದೀರಿ. ಅದನ್ನೂ ಸೇರಿಸಿದರೆ ಒಂದೂವರೆ ಗಂಟೆಗೆ 16 ಕಿ.ಮೀ., ಅಂದರೆ ಸರಾಸರಿ 11ಕ್ಕೂ ಕಮ್ಮಿ. 16 ಅನ್ನುವುದು ಚಕ್ರ ತಿರುಗಿದ ಹೊತ್ತಿನ ಸರಾಸರಿ ಅಂತ ಒಂದು ಮಾತು ಹಾಕಿ, ಸಾಕು.

ತಿದ್ದುವಾಗ ಇನ್ನೊಂದು ಗಮನಿಸಿ. ಇಳಿದು ಬಂದ 12 ನಿಮಿಷಕ್ಕೆ ಮೂರು ಪ್ಯಾರಾ ಕೊಟ್ಟಿದ್ದೀರಿ: ಗಾಳಿ, ತಿರುವು, ಬ್ರೇಕಿನ ಸದ್ದು. ಹತ್ತಿದ 48 ನಿಮಿಷಕ್ಕೆ ಸಿಕ್ಕಿದ್ದು "ಕಷ್ಟಪಟ್ಟು ಮೇಲೆ ತಲುಪಿದೆ" ಅನ್ನುವ ಒಂದು ಸಾಲು. ಅದನ್ನು ಬರೆದು ಕಳಿಸಿ, ಓದುತ್ತೇನೆ.