ದಪ್ಪ ಬಾಸ್ ಒಳಗಿನ ಪೊಳ್ಳು: ರೈಸರ್ ಎಲ್ಲಿ ಕೂತಿದೆ?

ಪ್ರಶ್ನೆ: 20 ಮಿ.ಮೀ. ಪ್ಲೇಟ್ ಮೇಲೆ 100 ಮಿ.ಮೀ. ವ್ಯಾಸ, ಅಷ್ಟೇ ಎತ್ತರದ ದುಂಡು ಉಬ್ಬು, ಅಂದರೆ ಬಾಸ್. ಸ್ಟೀಲ್ ಎರಕ, ಮರಳಿನ ಅಚ್ಚು. ಪ್ಲೇಟಿನ ತುದಿಯಲ್ಲಿ, ಎರಕ ಕುಗ್ಗುವಾಗ ಲೋಹ ಉಣಿಸುವ ರೈಸರ್ ಇದೆ, ದೊಡ್ಡದು ಮಾಡಿದರೂ ಬಾಸ್ ಒಳಗೆ ಪೊಳ್ಳು ಬರ್ತಿದೆ. ಏನು ಮಾಡೋದು?

ಮೊದಲು ಒಂದು ಬಾಸನ್ನು ಕೊಯ್ದು ನೋಡಿ. ತೂತಿನ ಗೋಡೆ ನುಣ್ಣಗೆ, ದುಂಡಗಿದ್ದರೆ ಅದು ಗ್ಯಾಸ್, ಆ ಕಥೆಯೇ ಬೇರೆ. ಒರಟಾಗಿ, ಹರಳು ಹರಳಾಗಿ ಕಂಡರೆ ಕುಗ್ಗುವಿಕೆಯ ಪೊಳ್ಳು. ನಿಮ್ಮದು ಎರಡನೆಯದೇ ಇರಬೇಕು.

ಎರಕ ಗಟ್ಟಿಯಾಗುವ ಹೊತ್ತು ಅದರ ಮಾಡ್ಯುಲಸ್‌ನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಮಾಡ್ಯುಲಸ್ ಅಂದರೆ ಗಾತ್ರವನ್ನು ತಣಿಯುವ ಮೇಲ್ಮೈಯಿಂದ ಭಾಗಿಸಿದ್ದು. ನಿಮ್ಮ ಪ್ಲೇಟಿಗೆ ಅದು ದಪ್ಪದ ಅರ್ಧ, 10 ಮಿ.ಮೀ. ಬಾಸನ್ನು ಬಿಡಿ ಸಿಲಿಂಡರ್ ಅಂತ ಹಿಡಿದರೆ ವ್ಯಾಸದ ಆರನೇ ಒಂದು ಭಾಗ, ಸುಮಾರು 16.7. ಅಂದರೆ ಪ್ಲೇಟಿಗಿಂತ ಬಾಸ್‌ಗೆ ಎರಡೂಮುಕ್ಕಾಲು ಪಟ್ಟು ಹೊತ್ತು ಬೇಕು. ಬಾಸ್ ಇನ್ನೂ ಲೋಹ ಕೇಳುತ್ತಿರುವಾಗಲೇ ದಾರಿಯಲ್ಲಿರುವ ಪ್ಲೇಟ್ ಗಟ್ಟಿಯಾಗಿ ಬಾಗಿಲು ಮುಚ್ಚುತ್ತದೆ. ಆಚೆ ಎಷ್ಟು ದೊಡ್ಡ ರೈಸರ್ ಇದ್ದರೇನು?

ಹಾಗಾಗಿ ರೈಸರನ್ನು ಬಾಸ್‌ಗೇ ಅಂಟಿಸಿ. ಪಕ್ಕದಲ್ಲಿಡುವುದಾದರೆ ಅದರ ಮಾಡ್ಯುಲಸ್ ಬಾಸ್‌ನ 1.2 ಪಟ್ಟು ಇರಲಿ, ಅಂದರೆ 20. ವ್ಯಾಸ, ಎತ್ತರ ಎರಡೂ 120 ಮಿ.ಮೀ. ಆದರೆ ಅಷ್ಟು ಸಿಗುತ್ತದೆ. ನಡುವಿನ ಕುತ್ತಿಗೆಯನ್ನು ಮರೆಯಬೇಡಿ. ಅದು ಬಾಸ್‌ಗಿಂತ ತಡವಾಗಿ, ರೈಸರ್‌ಗಿಂತ ಮೊದಲು ಗಟ್ಟಿಯಾಗಬೇಕು. ಕಡಿಯಲು ಸುಲಭವಾಗಲಿ ಅಂತ ಕುತ್ತಿಗೆಯನ್ನು ಸಣ್ಣ ಮಾಡುವವರೇ ಜಾಸ್ತಿ. ಅಲ್ಲೇ ಮತ್ತೆ ಅದೇ ತಪ್ಪು.

ಲೋಹ ಒಳಬರುವ ಗೇಟನ್ನೂ ಆ ರೈಸರ್ ಮೂಲಕವೇ ಬಿಡಿ. ಕೊನೆಗೆ ಬಂದ ಬಿಸಿ ಲೋಹ ಅಲ್ಲೇ ನಿಲ್ಲುತ್ತದೆ. ಪ್ಲೇಟಿನ ಆ ತುದಿಯಿಂದ ಸುರಿದರೆ ರೈಸರ್‌ಗೆ ತಲುಪುವುದು ತಣಿದ ಲೋಹ. ಇನ್‌ಗೇಟ್ ಮಾತ್ರ ತೆಳ್ಳಗಿರಲಿ. ಅಚ್ಚು ತುಂಬಿದ ಮೇಲೆ ಅದು ಬೇಗ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ರೈಸರ್‌ನ ಲೋಹ ಹಿಂದಕ್ಕೆ, ತಾನು ಹರಿದು ಬಂದ ರನ್ನರ್‌ಗೇ ಹೋಗಿಬಿಡಬಹುದು.

ನಾನೊಮ್ಮೆ ಇಷ್ಟೆಲ್ಲ ಸರಿ ಮಾಡಿಯೂ ಪೊಳ್ಳು ಕಂಡೆ. ರೈಸರ್ ತಲೆ ನೋಡಿದರೆ ಚಪ್ಪಟೆ! ಉಣಿಸಿದ ರೈಸರ್‌ನ ನಡುವೆ ಆಳದ ಕುಳಿ ಇರಬೇಕಲ್ವಾ? ಬಿಸಿ ಕೊಡುವ ಪುಡಿಯನ್ನು ನಾವು ತಡವಾಗಿ ಹಾಕಿದ್ದೆವು. ಅಷ್ಟರಲ್ಲಿ ತಲೆಗೆ ಗಟ್ಟಿ ಪದರ ಕಟ್ಟಿತ್ತು, ಹೊರಗಿನ ಗಾಳಿಯ ಒತ್ತಡ ಒಳಗಿನ ಲೋಹವನ್ನು ತಳ್ಳಲಾಗಲಿಲ್ಲ. ಸುರಿದ ಕೂಡಲೇ ಪುಡಿ ಹಾಕಿದ ಮೇಲೆ ಕುಳಿ ರೈಸರ್‌ಗೆ ಬಂತು, ಬಾಸ್ ತುಂಬಿತು. ನಿಮ್ಮ ಕಡೆಯೂ ಎರಕ ಕೊಯ್ಯುವ ಮೊದಲು ರೈಸರ್ ತಲೆ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತದೆ.

ಬಾಸ್ ಪಕ್ಕ ರೈಸರ್‌ಗೆ ಜಾಗವೇ ಇಲ್ಲವಾದರೆ, ಬಾಸ್‌ಗೆ ತಾಗಿ ಕಬ್ಬಿಣದ ಚಿಲ್ ಇಟ್ಟು ಅದನ್ನು ಪ್ಲೇಟಿಗಿಂತ ಬೇಗ ತಣಿಸಬೇಕಾಗುತ್ತದೆ. ಚಿಲ್ ಒಣಗಿರಲಿ, ತುಕ್ಕು ಇರಬಾರದು. ಇಲ್ಲದಿದ್ದರೆ ಗ್ಯಾಸ್ ತೂತು ಶುರು. ಇನ್ನೊಂದು, ಈ 1.2 ಲೆಕ್ಕ ಸ್ಟೀಲಿಗೆ. ಬೂದು ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಹಿಗ್ಗುವುದರಿಂದ ಲೆಕ್ಕ ಬದಲಾಗುತ್ತದೆ, ಅಲ್ಲಿ ಅಚ್ಚು ಗಟ್ಟಿಯಾಗಿ ರ‍್ಯಾಮ್ ಆಗಿದೆಯಾ ಅನ್ನುವುದೇ ಮುಖ್ಯ.