ಕೊನೆಯ ಸ್ಲಾಟ್ ಯಾರಿಗೆ?

ಪ್ರಶ್ನೆ: ನಮ್ಮಲ್ಲಿ ಪರೀಕ್ಷೆಗೆ 160 ಕಂಪ್ಯೂಟರ್ ಇವೆ, 600 ಅಭ್ಯರ್ಥಿಗಳು, ದಿನಕ್ಕೊಂದರಂತೆ ನಾಲ್ಕು ಸ್ಲಾಟ್. ಮೊದಲು ಬಂದವರಿಗೆ ಮೊದಲು ಅಂತ ಬುಕಿಂಗ್ ತೆರೆದೆವು. ಓದಲು ಜಾಸ್ತಿ ದಿನ ಸಿಗುತ್ತೆ ಅಂತ ಎಲ್ಲರೂ ಕೊನೆಯ ಸ್ಲಾಟ್‌ಗೇ ಮುಗಿಬಿದ್ದರು. ಕೆಲವೇ ನಿಮಿಷಗಳಲ್ಲಿ ಅದು ಭರ್ತಿ. ಈಗ ದಿನ ಬದಲಿಸಿಕೊಡಿ ಅಂತ ಅರ್ಜಿಗಳ ಸಾಲು. ಮುಂದಿನ ಸಲ ನ್ಯಾಯವಾಗಿ ಹಂಚುವುದು ಹೇಗೆ?

ಉತ್ತರ: ನೀವು ಸೀಟು ಕೊಟ್ಟಿದ್ದು ಇಂಟರ್ನೆಟ್ ವೇಗಕ್ಕೆ. ಆ ಹೊತ್ತಿಗೆ ಬಸ್ಸಿನಲ್ಲಿದ್ದವರ ತಪ್ಪೇನು? ಮುಂದಿನ ಸಲ ಒಂದು ವಾರ ಸಮಯ ಕೊಟ್ಟು, ನಾಲ್ಕೂ ಸ್ಲಾಟ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆಸಿಕೊಳ್ಳಿ. ಆಮೇಲೆ ಲಾಟರಿ ಎತ್ತಿ 600 ಹೆಸರುಗಳನ್ನು ಸಾಲಾಗಿ ಜೋಡಿಸಿ. ಸಾಲಿನಲ್ಲಿ ಒಬ್ಬೊಬ್ಬರಿಗೂ ಆಗ ಉಳಿದಿರುವುದರಲ್ಲಿ ಅವರ ಪಟ್ಟಿಯ ಮೇಲಿನ ಸ್ಲಾಟ್ ಕೊಡುತ್ತಾ ಹೋಗಿ. ಇದರಲ್ಲಿ ಪಟ್ಟಿಯನ್ನು ಸುಳ್ಳು ಬರೆದು ಯಾರಿಗೂ ಲಾಭವಿಲ್ಲ.

ಆದರೆ 150ರಂತೆ ಸಮನಾಗಿ ತುಂಬಬೇಡಿ. ಒಟ್ಟು ಸೀಟು 640, ಅಂದರೆ 40 ಖಾಲಿ. ಪ್ರತಿ ಸ್ಲಾಟ್‌ನಲ್ಲೂ, ಯಾವುದಾದರೂ ಕೆಟ್ಟರೆ ಇರಲಿ ಅಂತ 4 ಕಂಪ್ಯೂಟರ್ ಖಾಲಿ ಬಿಡಿ. ಉಳಿಯುವ 24 ಸೀಟುಗಳನ್ನು ಮೂರನೆಯದರಲ್ಲಿ 12, ನಾಲ್ಕನೆಯದರಲ್ಲಿ 12 ಇಡಿ. ಆಗ ಮೊದಲೆರಡಕ್ಕೆ 156ರಂತೆ, ಕೊನೆಯ ಎರಡಕ್ಕೆ 144ರಂತೆ ಹಂಚಿಕೆ. ಜ್ವರ ಬಂದು ಮೊದಲ ದಿನ ತಪ್ಪಿಸಿಕೊಂಡವರು ಮುಂದಿನ ದಿನಕ್ಕೆ ತಾನೇ ಬರಬೇಕು, ಅಲ್ವಾ? ಮೊದಲ ಸ್ಲಾಟ್‌ನಲ್ಲಿ ಸೀಟು ಉಳಿಸಿದ್ದರೆ ಅವರಿಗೆ ಏನೂ ಪ್ರಯೋಜನವಿಲ್ಲ. ಕೊನೆಯ ದಿನವೇ ಕಾಯಿಲೆ ಬಿದ್ದವರಿಗೆ ಈ ಲೆಕ್ಕವೂ ಸಾಲದು. ಅವರಿಗೆ ಇನ್ನೊಂದು ಸಣ್ಣ ಪರೀಕ್ಷೆ ಇದೆಯೋ ಇಲ್ಲವೋ ಅನ್ನುವುದನ್ನು ಬುಕಿಂಗ್‌ಗೆ ಮೊದಲೇ ಹೇಳಿಬಿಡಿ.

ಈ 24ರಲ್ಲಿ ಅರ್ಧವನ್ನು ಬೇರೆ ಪರೀಕ್ಷೆ ಅದೇ ದಿನ ಇರುವಂಥ, ಮೊದಲೇ ಗೊತ್ತಾಗುವ ಕಾರಣಗಳಿಗೆ ಇಡಿ. ಅರ್ಜಿಗೆ ಕೊನೆಯ ದಿನ ಗೊತ್ತುಮಾಡಿ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಅಲ್ಲೂ ಲಾಟರಿಯೇ. ಇನ್ನರ್ಧ, ದಾಖಲೆ ತೋರಿಸುವ ಕಾಯಿಲೆ, ಅಪಘಾತಗಳಿಗೆ.

ಸುಮ್ನೆ ದಿನ ಬದಲಿಸಬೇಕು ಅನ್ನುವವರಿಗೆ ಈ ಸೀಟು ಮುಟ್ಟಿಸಬೇಡಿ. ಅವರವರಲ್ಲೇ ಅದಲುಬದಲು ಮಾಡಿಸಿ. ಒಬ್ಬರಿಗೆ ಒಂದನೆಯದು ಸಿಕ್ಕಿದೆ, ನಾಲ್ಕು ಬೇಕು. ಇನ್ನೊಬ್ಬರ ಹತ್ತಿರ ನಾಲ್ಕಿದೆ, ಎರಡು ಬೇಕು. ಮೂರನೆಯವರ ಹತ್ತಿರ ಎರಡಿದೆ, ಒಂದು ಬೇಕು. ಇಬ್ಬಿಬ್ಬರನ್ನೇ ನೋಡಿದರೆ ಯಾರ ಜೋಡಿಯೂ ಕೂಡುವುದಿಲ್ಲ. ಮೂವರನ್ನೂ ಸುತ್ತು ಕಟ್ಟಿದರೆ ಒಂದೇ ಏಟಿಗೆ ಮುಗಿಯುತ್ತದೆ. ಸುತ್ತು ಸಿಗದವರ ಹಳೆಯ ಸೀಟು ಹಾಗೇ ಇರಬೇಕು. ಹೊಸದು ಖಚಿತವಾಗುವ ಮೊದಲೇ ಹಳೆಯದನ್ನು ಬಿಡಿಸುವ ಸಾಫ್ಟ್‌ವೇರ್ ನೋಡಿದ್ದೇನೆ, ಪಾಪ, ಎರಡೂ ಕಳೆದುಕೊಂಡವರು ಅತ್ತಿದ್ದಾರೆ.

ಅದಲುಬದಲು ಮುಗಿದ ಮೇಲೆ ಒಮ್ಮೆ ಎಣಿಸಿ. ಉಳಿಸಿಟ್ಟ ಸೀಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲದಿದ್ದರೆ 156, 156, 144, 144 ಹಾಗೇ ಇರಬೇಕು. ಎಲ್ಲಾದರೂ 145 ಕಂಡರೆ ಯಾರೋ ಉಳಿಸಿಟ್ಟ ಸೀಟಿಗೆ ಹೋಗಿದ್ದಾರೆ, ಇಲ್ಲವೇ ಒಂದೇ ಸೀಟು ಇಬ್ಬರಿಗೆ ಹೋಗಿದೆ ಅಂತ ಲೆಕ್ಕ, ಹಾಲ್ ಟಿಕೆಟ್ ಕಳಿಸುವುದನ್ನು ಅಲ್ಲಿಗೇ ನಿಲ್ಲಿಸಿ.