ಆಸಕ್ತಿ ಪರೀಕ್ಷೆಯ ವರದಿ ಮತ್ತು ಪಿಯುಸಿ ವಿಭಾಗದ ಆಯ್ಕೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಾಯಿಸಲಾಗಿದೆ.)

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ರೇಖಾ ತಂದೆತಾಯಿಯೊಂದಿಗೆ ಬಂದಾಗ ಅವರ ಕೈಯಲ್ಲಿ ಎರಡು ವರದಿಗಳಿದ್ದವು. ಒಂದು, ಶಾಲೆಯಲ್ಲಿ ನಡೆಸಿದ ಆಸಕ್ತಿ ಪರೀಕ್ಷೆಯದು. ಇನ್ನೊಂದು, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ವ್ಯಕ್ತಿತ್ವ ರಸಪ್ರಶ್ನೆಯದು. ಆಸಕ್ತಿ ಪರೀಕ್ಷೆಯಲ್ಲಿ 'ಸಾಮಾಜಿಕ' ಮತ್ತು 'ಕಲಾತ್ಮಕ' ಅಂಶಗಳು ಮೇಲೆ ಬಂದಿದ್ದವು, 'ಕೈಕೆಲಸ' ತೀರಾ ಕೆಳಗಿತ್ತು. ರಸಪ್ರಶ್ನೆಯು ಆಕೆಯನ್ನು ಭಾವನಾಜೀವಿ ಎಂದು ವರ್ಗೀಕರಿಸಿ, ಶಿಕ್ಷಕಿ ಅಥವಾ ಆಪ್ತಸಲಹೆಗಾರ್ತಿಯ ವೃತ್ತಿಯನ್ನು ಸೂಚಿಸಿತ್ತು. ಸಾಮಾನ್ಯವಾಗಿ ನನ್ನ ಬಳಿ ಬರುವ ಪೋಷಕರು ವಿಜ್ಞಾನವೇ ಬೇಕೆಂದು ಹಟ ಹಿಡಿಯುತ್ತಾರೆ. ಇಲ್ಲಿ ತಿರುವುಮುರುವಾಗಿತ್ತು. "ಸೈನ್ಸ್ ಇವಳ ಸ್ವಭಾವಕ್ಕೆ ಆಗಲ್ಲ ಅಂತ ಟೆಸ್ಟ್‌ನಲ್ಲೇ ಬಂದಿದೆ ಮೇಡಂ, ಆರ್ಟ್ಸ್‌ಗೆ ಸೇರಿಸಿಬಿಡೋಣ ಅಂತ" ಎಂದು ತಾಯಿ ಹೇಳಿದರು. ರೇಖಾ ಏನೂ ಹೇಳಲಿಲ್ಲ. ಕಲಾ ವಿಭಾಗ ಕಡಿಮೆಯದೇನೂ ಅಲ್ಲ. ಆದರೆ ಅದನ್ನು ಆಯ್ದುಕೊಳ್ಳಲು ಇವರ ಬಳಿ ಇದ್ದ ಏಕೈಕ ಕಾರಣ ಆ ಎರಡು ಹಾಳೆಗಳೆಂಬುದು ನನ್ನ ಆತಂಕವಾಗಿತ್ತು.

ಶಾಲೆಯಲ್ಲಿ ಬಳಸಿದ್ದು ಅಮೆರಿಕದ ಕಾರ್ಮಿಕ ಇಲಾಖೆಯು ಉಚಿತವಾಗಿ ಒದಗಿಸುವ 60 ಪ್ರಶ್ನೆಗಳ ಪರೀಕ್ಷೆ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಪ್ರತಿಪಾದಿಸಿದ ಆರು ಬಗೆಯ ಆಸಕ್ತಿಗಳನ್ನು ಆಧರಿಸಿದ ಈ ಪರೀಕ್ಷೆಯಲ್ಲಿ ಪ್ರತಿ ಬಗೆಗೂ ಹತ್ತು ಪ್ರಶ್ನೆಗಳಿದ್ದು, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಬರುವುದರಿಂದ ಒಂದು ಬಗೆಗೆ ಗರಿಷ್ಠ 40 ಅಂಕಗಳು. ರೇಖಾಳ ಅಂಕಗಳು ಹೀಗಿದ್ದವು: ಸಾಮಾಜಿಕ 31, ಕಲಾತ್ಮಕ 29, ಅನ್ವೇಷಣೆ 28, ಉದ್ಯಮಶೀಲತೆ 21, ಕಚೇರಿ ಕೆಲಸ 18, ಕೈಕೆಲಸ 7. ವರದಿಯ ಮೊದಲ ಪುಟದಲ್ಲಿ ಮೇಲಿನ ಎರಡನ್ನು ಮಾತ್ರ ದಪ್ಪಕ್ಷರದಲ್ಲಿ ಮುದ್ರಿಸಿದ್ದರಿಂದ, ಮೂರನೆಯದಾದ ಅನ್ವೇಷಣೆಗೂ ಮೊದಲನೆಯದಕ್ಕೂ ಇರುವ ಅಂತರ ಬರೀ ಮೂರು ಅಂಕ ಎಂಬುದನ್ನು ಮನೆಯವರು ಗಮನಿಸಿರಲಿಲ್ಲ. ಎರಡು ಮೂರು ಪ್ರಶ್ನೆಗಳಿಗೆ ಆ ದಿನ 'ಇಷ್ಟ' ಎನ್ನುವ ಬದಲು 'ಹೇಳಲಾರೆ' ಎಂದಿದ್ದರೆ ಕ್ರಮವೇ ಬದಲಾಗುತ್ತಿತ್ತು. ವಿಜ್ಞಾನದ ಓದಿಗೆ ಹತ್ತಿರವಾದದ್ದು ಅನ್ವೇಷಣೆಯ ಆಸಕ್ತಿಯೇ ಆದ್ದರಿಂದ, ವಿಜ್ಞಾನ ಆಗದು ಎಂಬ ತೀರ್ಮಾನ ವರದಿಯಲ್ಲಿ ಇರಲೇ ಇಲ್ಲ. ಅದು ಓದಿದವರು ಸೇರಿಸಿಕೊಂಡದ್ದು.

ನನ್ನನ್ನು ಹೆಚ್ಚು ಕಾಡಿದ್ದು ಕೈಕೆಲಸದ 7. ರೇಖಾಳ ತಂದೆಗೆ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯಿದೆ. ರಜೆಯಲ್ಲಿ ಏನು ಮಾಡುತ್ತೀಯೆಂದು ಕೇಳಿದಾಗ, ಸುಟ್ಟ ಕಾಯಿಲನ್ನು ಬಿಚ್ಚಿ ಸುತ್ತುಗಳನ್ನು ಎಣಿಸಿ ಬರೆದುಕೊಳ್ಳುವುದು, ತಂತಿಯ ಗೇಜು ನೋಡುವುದು, ಹೊಸ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತುವುದು ತನ್ನ ಕೆಲಸವೆಂದು ಆಕೆ ಹೇಳಿದಳು. ಒಂದು ಸುತ್ತು ತಪ್ಪಿದರೂ ಮೊದಲಿನಿಂದ ಎಣಿಸುತ್ತಾಳೆಂದು ತಂದೆ ನಗುತ್ತಾ ಸೇರಿಸಿದರು. ಇಂಥವಳಿಗೆ ಕೈಕೆಲಸದಲ್ಲಿ ಏಳೇ ಅಂಕ ಏಕೆ ಬಂತು?

ಆ ಹತ್ತು ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಏನೆಂದು ಅರ್ಥ ಮಾಡಿಕೊಂಡು ಗುರುತು ಹಾಕಿದೆ ಎಂದು ಕೇಳುತ್ತಾ ಹೋದೆ. ಇಟ್ಟಿಗೆ ಅಥವಾ ಟೈಲ್ಸ್ ಜೋಡಿಸುವುದು ಎಂಬ ಪ್ರಶ್ನೆ ಬಂದಾಗ, "ಅದು ಗಾರೆಯವರ ಕೆಲಸ ಅಲ್ವಾ ಮೇಡಂ, ನಾನು ಅದಕ್ಕೆ ಹೋಗ್ತೀನಿ ಅಂದ್ರೆ ಮನೇಲಿ ಬಿಡ್ತಾರಾ?" ಎಂದಳು. ಟ್ರಕ್ ಓಡಿಸಿ ಪಾರ್ಸೆಲ್ ತಲುಪಿಸುವುದಕ್ಕೂ, ಕಾರ್ಖಾನೆಯ ಯಂತ್ರ ನಡೆಸುವುದಕ್ಕೂ ಅದೇ ಬಗೆಯ ಉತ್ತರ. ಆಕೆ ಕೆಲಸಕ್ಕೆ ಅಂಕ ಕೊಟ್ಟಿರಲಿಲ್ಲ. ಆ ಕೆಲಸ ಮಾಡುವವರಿಗೆ ನಮ್ಮ ಸಮಾಜ ಕೊಡುವ ಸ್ಥಾನಕ್ಕೆ, ಹೆಣ್ಣುಮಕ್ಕಳಿಗೆ ಅದು ಒಪ್ಪುವುದೇ ಎಂಬ ಲೆಕ್ಕಾಚಾರಕ್ಕೆ ಅಂಕ ಕೊಟ್ಟಿದ್ದಳು. ಓದಿನ ಅರ್ಹತೆಯನ್ನಾಗಲಿ ಸಂಬಳವನ್ನಾಗಲಿ ಲೆಕ್ಕಿಸದೆ, ಆ ಕೆಲಸ ಮಾಡಲು ಹಿಡಿಸುತ್ತದೆಯೇ ಎಂದಷ್ಟೇ ಯೋಚಿಸಿ ಎಂಬ ಸೂಚನೆ ಈ ಪರೀಕ್ಷೆಯ ಆರಂಭದಲ್ಲೇ ಇದೆ. ತರಗತಿಯಲ್ಲಿ ಅವಸರದಿಂದ ಕನ್ನಡದಲ್ಲಿ ಓದಿ ಹೇಳುವಾಗ ಆ ಸಾಲು ಬಿಟ್ಟುಹೋಗಿತ್ತು. ಮೂರು ವಾರಗಳ ನಂತರ ಆ ಸೂಚನೆಯನ್ನು ವಿವರಿಸಿ, ಮನೆಯವರ ಒಪ್ಪಿಗೆಯನ್ನೂ ಮರೆತುಬಿಡು ಎಂದು ಹೇಳಿ, ಪೂರ್ತಿ ಪರೀಕ್ಷೆಯನ್ನು ಮತ್ತೆ ಬರೆಸಿದೆ. ಅನ್ವೇಷಣೆ 31, ಸಾಮಾಜಿಕ 30, ಕಲಾತ್ಮಕ 26 ಬಂದವು. ಕೈಕೆಲಸ 19ಕ್ಕೆ ಏರಿತು. ಎರಡನೆಯದೇ ಸತ್ಯ, ಮೊದಲನೆಯದು ಸುಳ್ಳು ಎಂದು ನಾನು ಹೇಳುವುದಿಲ್ಲ, ಏಕೆಂದರೆ ಎರಡನೆಯ ಸಲ ನನ್ನ ಮಾತಿನ ಪ್ರಭಾವವೂ ಇತ್ತು. ಎರಡರಲ್ಲೂ ಸಾಮಾಜಿಕ ಮತ್ತು ಅನ್ವೇಷಣೆ ಮೇಲ್ಭಾಗದಲ್ಲೇ ಉಳಿದವು ಎಂಬುದಷ್ಟೇ ನಂಬಬಹುದಾದ ಸುಳಿವು.

ವ್ಯಕ್ತಿತ್ವ ರಸಪ್ರಶ್ನೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 'ವಿಚಾರ' ಮತ್ತು 'ಭಾವನೆ'ಯ ನಡುವೆ ಆಕೆಗೆ ಬಂದದ್ದು ಶೇಕಡಾ 48 ಮತ್ತು 52. ನಡುಗೆರೆಯಿಂದ ಕೂದಲೆಳೆಯಷ್ಟು ಆಚೆಗಿದ್ದವರನ್ನೂ ಇಂಥ ರಸಪ್ರಶ್ನೆಗಳು ಬೇರೆಯೇ ಬಗೆಯ ಮನುಷ್ಯರೆಂದು ವಿಂಗಡಿಸುತ್ತವೆ. ಬೇರೊಂದು ವರ್ಗದ ವಿವರಣೆಯನ್ನು ಯಾವ ವರ್ಗದ್ದೆಂದು ಹೇಳದೆ ಓದಿದಾಗ, "ಹೌದು, ಇದು ನಮ್ಮ ರೇಖಾನೇ" ಎಂದು ತಾಯಿ ತಲೆಯಾಡಿಸಿದರು.

ಆಸಕ್ತಿ ಎಷ್ಟಿದ್ದರೂ ಅದು ಸಾಮರ್ಥ್ಯವಲ್ಲವಾದ್ದರಿಂದ ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ತರಿಸಿ ನೋಡಿದೆ. 80ಕ್ಕೆ 52 ಬಂದಿತ್ತು. ಒಟ್ಟು ಅಂಕಕ್ಕಿಂತ, ಅಂಕ ಎಲ್ಲಿ ಹೋಯಿತೆಂಬುದು ಮುಖ್ಯ. ಸಮಾಂತರ ಶ್ರೇಢಿ, ತ್ರಿಕೋನಮಿತಿಯ ಲೆಕ್ಕಗಳನ್ನು ಆಕೆ ತನ್ನದೇ ದಾರಿಯಲ್ಲಿ ಸರಿಯಾಗಿ ಬಿಡಿಸಿದ್ದಳು. ಬಾಯಿಪಾಠ ಮಾಡಿದ್ದ ಪ್ರಮೇಯಗಳ ಸಾಧನೆ ಅರ್ಧಕ್ಕೆ ನಿಂತಿತ್ತು. ಪಿಯುಸಿ ಗಣಿತಕ್ಕೆ ಇದು ನಿರಾಶಾದಾಯಕ ಚಿತ್ರವಲ್ಲ, ಆದರೆ ಸುಲಭವಾಗುತ್ತದೆಂಬ ಭರವಸೆಯೂ ಅಲ್ಲ.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಮೂರು ಕೆಲಸ ಮಾಡಿ ನೋಡಲು ತಿಳಿಸಿದೆ: ಓಣಿಯ ಐದನೇ ತರಗತಿಯ ಮಕ್ಕಳಿಗೆ ಎರಡು ವಾರ ಪಾಠ ಹೇಳುವುದು, ಪ್ರಥಮ ಪಿಯುಸಿಯ ಭೌತಶಾಸ್ತ್ರದ ಒಂದು ಅಧ್ಯಾಯವನ್ನು ಲೆಕ್ಕಗಳ ಸಮೇತ ಓದುವುದು, ಹತ್ತಿರದ ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ಪ್ರಯೋಗಾಲಯವನ್ನು ಅನುಮತಿ ಪಡೆದು ನೋಡಿಬರುವುದು. ಇಷ್ಟವಾಯಿತೇ ಎಂದು ಬರೆಯಬೇಡ, ಯಾವಾಗ ಬೇಸರ ಬಂತು, ಮರುದಿನ ಯಾರೂ ಹೇಳದೆ ಮತ್ತೆ ಕುಳಿತೆಯಾ ಎಂಬುದನ್ನು ಬರೆದಿಡು ಎಂದೆ. ಮಕ್ಕಳಿಗೆ ಹೊಸದನ್ನು ವಿವರಿಸುವುದು ಆಕೆಗೆ ಖುಷಿ ಕೊಟ್ಟಿತ್ತು, ಅದನ್ನೇ ನಾಲ್ಕನೇ ಸಲ ಹೇಳುವಾಗ ಸಿಡುಕು ಬಂದಿತ್ತು. ಭೌತಶಾಸ್ತ್ರದ ಅಧ್ಯಾಯ ನಿಧಾನವಾಗಿ ಸಾಗಿದರೂ ಬಿಟ್ಟಿರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಮೋಟಾರಿನ ಅಡ್ಡಸೀಳು ಮಾದರಿಯ ಮುಂದೆ ಒಂದು ತಾಸು ನಿಂತಿದ್ದಳಂತೆ.

ಬಳಿಕ ನಾವು ಚರ್ಚಿಸಿದ್ದು ದಾರಿಗಳ ಬಗ್ಗೆ. ಕಲಾ ವಿಭಾಗದಿಂದ ನೇರವಾಗಿ ಎಂಜಿನಿಯರಿಂಗಿಗೆ ಹೋಗಲಾಗದು; ವಿಜ್ಞಾನ ಓದಿದವರು ಮುಂದೆ ಮನಶ್ಶಾಸ್ತ್ರದ ಬಿಎ ಓದಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಡಿಪ್ಲೊಮಾ ಆಕೆಗೆ ಹೊಂದುತ್ತದೆಂದು ನನಗನಿಸಿತ್ತು, ಆದರೆ ಹದಿನಾರಕ್ಕೇ ಒಂದು ಶಾಖೆಗೆ ಕಟ್ಟಿಕೊಳ್ಳಲು ರೇಖಾ ಒಪ್ಪಲಿಲ್ಲ. ಆಕೆ ಬಯಸಿದ್ದ ಎಲೆಕ್ಟ್ರಾನಿಕ್ಸ್ ಇರುವ ಸಂಯೋಜನೆ ಊರಿನ ಸರ್ಕಾರಿ ಕಾಲೇಜಿನಲ್ಲಿ ಇರಲಿಲ್ಲ, ಹಾಸ್ಟೆಲಿನ ಖರ್ಚು ಮನೆಗೆ ಭಾರವಾಗುತ್ತಿತ್ತು. ಕೊನೆಗೆ ಅಲ್ಲಿಯೇ ವಿಜ್ಞಾನ ವಿಭಾಗದಲ್ಲಿ, ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿಗೆ ಸೇರಿದಳು. ಮಧ್ಯವಾರ್ಷಿಕ ಪರೀಕ್ಷೆಯ ನಂತರ ಗಣಿತದ ಉತ್ತರ ಪತ್ರಿಕೆಯೊಂದಿಗೆ ಬರಲು ತಿಳಿಸಿದ್ದೇನೆ. ಲೆಕ್ಕ ಬಿಡಿಸುವ ಪ್ರಶ್ನೆಗಳಲ್ಲೇ ಅಂಕ ಹೋಗುತ್ತಿದ್ದರೆ, ಡಿಪ್ಲೊಮಾ ಮತ್ತು ಕಲಾ ವಿಭಾಗ ಎರಡನ್ನೂ ಮತ್ತೆ ಚರ್ಚೆಗೆ ತೆಗೆದುಕೊಳ್ಳುವುದೆಂದು ಮನೆಯವರೊಂದಿಗೆ ಮಾತಾಗಿದೆ.